ಸಂಬಳರಹಿತ ರಜೆ ಕೋರಿ ಮನವಿ

ದಿನಾಂಕ: 22 ಸೆಪ್ಟೆಂಬರ್ 2025
ಪೀಣ್ಯ, ಬೆಂಗಳೂರು

ಇವರಿಗೆ,
ಎಚ್.ಆರ್. ಮ್ಯಾನೇಜರ್ ಅವರು
(ಕ್ವಾಲಿಟಿ ವಿಭಾಗದ ಮ್ಯಾನೇಜರ್ ಅವರ ಮೂಲಕ)

ಇವರಿಂದ,
ಭಾಗ್ಯ ಕೆ.ಆರ್.
ಇನ್‌ಸ್ಪೆಕ್ಟರ್, ಫೈನಲ್ ಇನ್‌ಸ್ಪೆಕ್ಷನ್
ಟೋಕನ್ ನಂ. 417

ವಿಷಯ: ತಾಯಿಯ ಕ್ಯಾನ್ಸರ್ ಚಿಕಿತ್ಸೆಗಾಗಿ 6 ಅಕ್ಟೋಬರ್‌ನಿಂದ 22 ನವೆಂಬರ್ 2025ರವರೆಗೆ ಸಂಬಳರಹಿತ ರಜೆ ಕೊಡುವ ಬಗ್ಗೆ

ಮೇಡಂ, ನಮಸ್ಕಾರ.

ನನ್ನ ತಾಯಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇರುವುದು ಕಳೆದ ತಿಂಗಳು ಬಯಾಪ್ಸಿಯಲ್ಲಿ ಗೊತ್ತಾಯಿತು. ಕಿದ್ವಾಯಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. 6 ಅಕ್ಟೋಬರ್, ಸೋಮವಾರದಿಂದ ರೇಡಿಯೇಷನ್ ಶುರು ಮಾಡುತ್ತೇವೆ ಎಂದು ಡಾಕ್ಟರ್ ತಿಳಿಸಿದ್ದಾರೆ. ಅಂದಿನಿಂದ 22 ನವೆಂಬರ್, ಶನಿವಾರದವರೆಗೆ ನನಗೆ ರಜೆ ಬೇಕಾಗಿದೆ. 24ನೇ ತಾರೀಖು ಸೋಮವಾರ ಜನರಲ್ ಶಿಫ್ಟಿಗೆ ಹಾಜರಾಗುತ್ತೇನೆ. ನನ್ನ ಖಾತೆಯಲ್ಲಿ ಸಿ.ಎಲ್. ಆಗಲಿ ಇ.ಎಲ್. ಆಗಲಿ ಒಂದೂ ಉಳಿದಿಲ್ಲ. ಆದ್ದರಿಂದ ಈ ಅವಧಿಯನ್ನು ಪೂರ್ತಿ ಲಾಸ್ ಆಫ್ ಪೇ ಎಂದು ಪರಿಗಣಿಸಿ ಮಂಜೂರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಇದು ಸಣ್ಣ ರಜೆಯಲ್ಲ ಎಂದು ಗೊತ್ತು. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ರಜೆ ಎಲ್ಲಿ ಹೋಯಿತು ಎಂಬುದು. ಎಲ್ಲ ಅಮ್ಮನಿಗೇ ಖರ್ಚಾಯಿತು ಎಂದರೆ ಸುಳ್ಳಾಗುತ್ತದೆ. ವರ್ಷದ ಮೊದಲರ್ಧದಲ್ಲಿ ಮಗನಿಗೆ ಡೆಂಗ್ಯೂ ಆಗಿತ್ತು. ಮೇ ತಿಂಗಳಲ್ಲಿ ನಾದಿನಿಯ ಮದುವೆ ಇತ್ತು. ಇವೆರಡಕ್ಕೇ ಅರ್ಧದಷ್ಟು ರಜೆ ಮುಗಿಯಿತು. ಉಳಿದದ್ದು ಜುಲೈನಿಂದ ಈಚೆಗೆ ಅಮ್ಮನ ಓಡಾಟಕ್ಕೆ ಹೋಯಿತು. ಮೊದಲು ತುಮಕೂರಿನಲ್ಲಿ ತೋರಿಸಿದೆವು. ಆಮೇಲೆ ಬೆಂಗಳೂರಿಗೆ ಕರೆತಂದೆವು. ಬಯಾಪ್ಸಿಗೆ ಒಂದು ದಿನ, ರಿಪೋರ್ಟಿಗೆ ಒಂದು ದಿನ, ಎಂ.ಆರ್.ಐ.ಗೆ ಒಂದು ದಿನ. ರೇಡಿಯೇಷನ್‌ಗೆ ಮುಂಚೆ ಹೊಟ್ಟೆಯ ಮೇಲೆ ಗುರುತು ಹಾಕಿ ಪ್ಲಾನಿಂಗ್ ಸ್ಕ್ಯಾನ್ ಮಾಡಿದ್ದು ಇನ್ನೊಂದು ದಿನ. ರಜೆ ಖಾಲಿಯಾಗುತ್ತಿರುವುದು ಗೊತ್ತಿದ್ದೂ ಹೋಗದೆ ಇರಲು ಆಗಲಿಲ್ಲ.

ಅಮ್ಮ ಇರುವುದು ತುರುವೇಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ. ಮುಟ್ಟು ನಿಂತು ಎಷ್ಟೋ ವರ್ಷ ಆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿದೆ. ಯಾರಿಗೂ ಹೇಳಿಲ್ಲ. ಸೊಂಟನೋವು ತಡೆಯಲಾರದೆ ಹೋದಾಗ ನನಗೆ ಫೋನ್ ಮಾಡಿದರು. ಅಣ್ಣ ಅದೇ ಮನೆಯಲ್ಲಿದ್ದರೂ ಅವನಿಗೆ ಗೊತ್ತಿರಲಿಲ್ಲ. ಮಗನ ಹತ್ತಿರ ಇಂಥದ್ದನ್ನೆಲ್ಲ ಹೇಗೆ ಹೇಳಲಿ ಎಂದರು. ನನಗೆ ರಜೆ ಏಕೆ ಬೇಕು ಎಂಬುದಕ್ಕೆ ಮುಖ್ಯ ಕಾರಣವೂ ಇದೇ.

ಕಾಯಿಲೆ ಈಗ ಎರಡನೇ ಹಂತದಲ್ಲಿದೆ, ಗರ್ಭಕೋಶದ ಅಕ್ಕಪಕ್ಕಕ್ಕೂ ಸ್ವಲ್ಪ ಹಬ್ಬಿದೆ. ಈ ಹಂತದಲ್ಲಿ ಆಪರೇಷನ್ ಬೇಡ, ರೇಡಿಯೇಷನ್ ಮತ್ತು ಕೀಮೋ ಒಟ್ಟಿಗೆ ಕೊಡಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ ಎಂದೂ ಹೇಳಿದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಒಂದು ಸಿಟ್ಟಿಂಗ್, ಒಟ್ಟು 25. ವಾರಕ್ಕೊಮ್ಮೆ ಕೀಮೋ. ಮಧ್ಯೆ ದೀಪಾವಳಿ ರಜೆ ಬರುವುದರಿಂದ ಇಷ್ಟು ಮುಗಿಯುವಾಗ ನವೆಂಬರ್ ಎರಡನೇ ವಾರ ಆಗುತ್ತದೆ. ಅದಾದ ಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್ ಕೆಲವು ಸಲ ಇದೆ, ಅದಕ್ಕೆ ಬ್ರಾಕಿಥೆರಪಿ ಅಂತಾರೆ. ಎಲ್ಲವೂ ಎಂಟು ವಾರದ ಒಳಗೆ ಮುಗಿಯಲೇಬೇಕು. ನಡುವೆ ಬಿಟ್ಟು ಬಿಟ್ಟು ಮಾಡಿದರೆ, ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ. ಈ ಮಾತನ್ನು ಡಾಕ್ಟರ್ ನಮಗೆ ಒತ್ತಿ ಹೇಳಿದರು. ಆದ್ದರಿಂದಲೇ ತಿಂಗಳಿಗೆ ನಾಲ್ಕು ದಿನದಂತೆ ಹಂಚಿ ರಜೆ ಕೇಳಲು ನನಗೆ ಆಗುತ್ತಿಲ್ಲ.

ಮಷಿನ್ ಕೆಳಗೆ ಮಲಗಿಸಿ ಎಬ್ಬಿಸಲು ಹದಿನೈದು ಇಪ್ಪತ್ತು ನಿಮಿಷ ಸಾಕು. ಹಾಗಿದ್ದರೆ ದಿನವಿಡೀ ರಜೆ ಏಕೆ ಎಂದು ನೀವು ಕೇಳಬಹುದು. ಸಿಟ್ಟಿಂಗ್‌ಗೆ ಮುಂಚೆ ನೀರು ಕುಡಿಸಿ ಮೂತ್ರಚೀಲ ತುಂಬಿರುವಂತೆ ನೋಡಿಕೊಳ್ಳಬೇಕು. ಹಾಗಿದ್ದರೆ ಕರುಳು ಮೇಲೆ ಸರಿದು ಅದಕ್ಕೆ ಪೆಟ್ಟು ಕಡಿಮೆ ಬೀಳುತ್ತದೆ. ಆದರೆ ಅಮ್ಮನಿಗೆ ಮೂತ್ರ ತಡೆದುಕೊಳ್ಳುವುದು ಕಷ್ಟ. ಸರದಿ ಸ್ವಲ್ಪ ಹಿಂದೆ ಹೋದರೆ ಮತ್ತೆ ಮೊದಲಿನಿಂದ ನೀರು ಕುಡಿಸಿ ಕಾಯಬೇಕು. ರಾಜ್ಯದ ಎಲ್ಲ ಮೂಲೆಯಿಂದಲೂ ಅಲ್ಲಿಗೆ ರೋಗಿಗಳು ಬರುತ್ತಾರೆ, ಇಷ್ಟೇ ಹೊತ್ತಿಗೆ ಮುಗಿಯುತ್ತದೆ ಎಂದು ಯಾರೂ ಹೇಳಲಾಗದು. ಕೀಮೋ ದಿನವಂತೂ ಬೆಳಿಗ್ಗೆ ಹೋದರೆ ಬರುವುದು ಸಂಜೆಯೇ. ಆ ಔಷಧಿ ಕಿಡ್ನಿಗೆ ಭಾರ. ಅದಕ್ಕೆ ಮುಂಚೆ ಮತ್ತು ನಂತರ ಸಾಕಷ್ಟು ಸಲೈನ್ ಹಾಕುತ್ತಾರೆ. ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ ಇಳಿದರೆ ರಕ್ತ ಕೊಡಿಸಬೇಕಾಗುತ್ತದೆ, ಈಗಾಗಲೇ ಅಮ್ಮನಿಗೆ ಅದು ಕಡಿಮೆಯೇ ಇದೆ. ಎರಡು ಮೂರು ವಾರ ಕಳೆದ ಮೇಲೆ ವಾಂತಿ, ಭೇದಿ, ಸುಸ್ತು ಜಾಸ್ತಿಯಾಗುತ್ತದೆ ಎಂದು ನರ್ಸಮ್ಮ ಮುಂಚೆಯೇ ಹೇಳಿ ಕಳಿಸಿದ್ದಾರೆ. ನಮ್ಮ ಮನೆ ಇರುವುದು ದಾಸರಹಳ್ಳಿಯಲ್ಲಿ. ಲಾಲ್‌ಬಾಗ್‌ವರೆಗೆ ಮೆಟ್ರೊ, ಅಲ್ಲಿಂದ ಆಟೊ. ಒಬ್ಬರೇ ಹೋಗಿಬರುವ ಸ್ಥಿತಿಯಲ್ಲಿ ಅಮ್ಮ ಇಲ್ಲ.

ಬೇರೆ ಯಾರಾದರೂ ನೋಡಿಕೊಳ್ಳಬಹುದೇ ಎಂದು ಮನೆಯಲ್ಲಿ ಎಲ್ಲರೂ ಕೂತು ಯೋಚಿಸಿದ್ದೇವೆ. ಅಪ್ಪ ತೀರಿಕೊಂಡು ವರ್ಷಗಳಾದವು. ಅತ್ತಿಗೆ ಈಗ ಬಾಣಂತಿ. ಅಣ್ಣನಿಗೆ ಹಸು, ತೆಂಗಿನ ತೋಟ ಇದೆ, ರಾಗಿ ಕೊಯ್ಲು ಕೂಡ ಇದೇ ಸಮಯಕ್ಕೆ ಬರುತ್ತದೆ. ಅವನು ಶನಿವಾರ, ಭಾನುವಾರ ಬಂದು ಇರುತ್ತಾನೆ. ಉಳಿದ ದಿನವೂ ಬರುತ್ತೇನೆ ಅಂದ. ಆದರೆ ರಕ್ತ ಹೋಗುತ್ತಿದೆಯಾ, ಮೂತ್ರ ಉರಿಯುತ್ತಿದೆಯಾ ಎಂದು ಡಾಕ್ಟರ್ ಕೇಳಿದರೆ ಅವನ ಎದುರಿಗೆ ಅಮ್ಮ ತಲೆ ಬಗ್ಗಿಸಿ ಏನೂ ಇಲ್ಲ ಅನ್ನುತ್ತಾರೆ. ಒಮ್ಮೆ ಹೀಗೇ ಆಯಿತು. ಬ್ರಾಕಿಥೆರಪಿಗೆ ಸ್ತ್ರೀಯರೊಬ್ಬರು ಜೊತೆಗಿರುವುದು ಒಳ್ಳೆಯದು ಎಂದು ಆಸ್ಪತ್ರೆಯವರೂ ಹೇಳಿದ್ದಾರೆ. ನನ್ನ ಯಜಮಾನರು ಗೂಡ್ಸ್ ಗಾಡಿ ಓಡಿಸುತ್ತಾರೆ. ನಾನು ಸಂಬಳ ಬಿಟ್ಟರೆ ಮನೆ ಬಾಡಿಗೆ, ಮಗನ ಫೀಸು ಅವರ ದುಡಿಮೆಯಿಂದಲೇ ಆಗಬೇಕು. ಅವರು ಕೆಲಸ ಬಿಡುವಂತಿಲ್ಲ.

ಸೆಕೆಂಡ್ ಶಿಫ್ಟ್ ಮಾಡಿದರೆ ಹೇಗೆ ಎಂದೂ ನೋಡಿದೆ. ಬೆಳಿಗ್ಗೆ ಆಸ್ಪತ್ರೆ ಮುಗಿಸಿ ಎರಡು ಗಂಟೆಗೆ ಇಲ್ಲಿಗೆ ಬರುವುದು ನೆಚ್ಚಿಕೊಳ್ಳುವಂಥದ್ದಲ್ಲ. ಬಂದರೂ ರಾತ್ರಿ ಹತ್ತರವರೆಗೆ ಅಮ್ಮ ಮತ್ತು ಮಗ ಇಬ್ಬರೇ ಆಗುತ್ತಾರೆ. ಜೊತೆಗೆ ನನ್ನ ಕೆಲಸ ಮೈಕ್ರಾನ್ ಲೆಕ್ಕದ್ದು. ನಿದ್ದೆಗೆಟ್ಟು, ಮನಸ್ಸು ಮನೆಯಲ್ಲಿಟ್ಟು ಪೀಸ್ ಪಾಸ್ ಮಾಡಿದರೆ ಕಸ್ಟಮರ್ ಕಡೆಯಿಂದ ಲಾಟ್ ವಾಪಸ್ ಬರುತ್ತದೆ. ಅದು ಕಂಪನಿಗೂ ನಷ್ಟ, ನನಗೂ ಒಪ್ಪುವ ಮಾತಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ನಿನಗೇ ಹುಷಾರಿಲ್ಲ ಅಂತ ಒಂದು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿಬಿಡು, ಸುಲಭ ಅಲ್ವಾ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಲು ನನಗೆ ಇಷ್ಟವಿಲ್ಲ. ಆರು ವರ್ಷ ಇಲ್ಲಿ ಕೆಲಸ ಮಾಡಿದ್ದೇನೆ. ಇನ್‌ಸ್ಪೆಕ್ಷನ್ ರಿಪೋರ್ಟಿನ ಕೆಳಗೆ ನನ್ನ ಸಹಿ ಇದ್ದರೆ ಅದನ್ನು ನಂಬಿ ಮಾಲು ಹೊರಗೆ ಹೋಗುತ್ತದೆ. ಅದೇ ಸಹಿಯನ್ನು ಸುಳ್ಳು ಕಾಗದದ ಕೆಳಗೆ ಹಾಕಲಾರೆ. ಹೇಳದೆ ಕೇಳದೆ ಗೈರುಹಾಜರಾಗುವುದೂ ನನಗೆ ಬೇಡ. ನೀವು ಒಪ್ಪಿ, ಲಿಖಿತವಾಗಿ ಮಂಜೂರು ಮಾಡಿದ ರಜೆಯಾದರೆ ನಾಳೆ ಗ್ರಾಚ್ಯುಟಿ ಲೆಕ್ಕದಲ್ಲಿ ಸರ್ವಿಸ್ ಮುರಿಯಿತು ಎಂಬ ಪ್ರಶ್ನೆ ಬರುವುದಿಲ್ಲ. ಆದ್ದರಿಂದ ಮಂಜೂರಾತಿಯನ್ನು ಪತ್ರದ ಮೂಲಕ ಅಥವಾ ಮೇಲ್ ಮೂಲಕ ಕೊಡಿ ಎಂದು ಕೋರುತ್ತೇನೆ.

ಹಣದ ಸಹಾಯ ಕೇಳಲು ಈ ಪತ್ರ ಬರೆದಿಲ್ಲ. ಅಮ್ಮನ ಹೆಸರು ಅಣ್ಣನ ಬಿಪಿಎಲ್ ಕಾರ್ಡಿನಲ್ಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇರುವುದರಿಂದ ಚಿಕಿತ್ಸೆಯ ದೊಡ್ಡ ಖರ್ಚು ಅದರಲ್ಲೇ ನಡೆಯುತ್ತದೆ. ನನಗೆ ಬೇಕಾಗಿರುವುದು ಸಮಯ ಮಾತ್ರ. ಆದರೆ ನಾಲ್ಕು ವಿಷಯ ನಿಮ್ಮಿಂದ ತಿಳಿಯಬೇಕು. ನಡುವೆ ಬರುವ ಭಾನುವಾರಗಳು, ದೀಪಾವಳಿ ಮತ್ತು ರಾಜ್ಯೋತ್ಸವದ ರಜೆಗಳನ್ನೂ ಸೇರಿಸಿ ಸಂಬಳ ಕಡಿತ ಮಾಡುತ್ತೀರಾ? ಹಾಗಿದ್ದರೆ ಮೊದಲೇ ತಿಳಿಸಿದರೆ ಸಂಘದ ಸಾಲದ ಕಂತಿಗೆ ಏರ್ಪಾಡು ಮಾಡಿಕೊಳ್ಳುತ್ತೇನೆ. ಸಂಬಳ ಇಲ್ಲದ ತಿಂಗಳು ಗ್ರೂಪ್ ಇನ್ಶೂರೆನ್ಸ್‌ಗೆ ನನ್ನ ಪಾಲಿನ ಹಣ ಎಲ್ಲಿಂದ ಕಡಿತವಾಗುತ್ತದೆ? ಬೇಕಿದ್ದರೆ ಕೈಯಿಂದ ಕಟ್ಟುತ್ತೇನೆ, ಪಾಲಿಸಿ ನಿಲ್ಲಬಾರದು, ಮಗನ ಹೆಸರೂ ಅದರಲ್ಲಿದೆ. ತಾಯಿಯ ಚಿಕಿತ್ಸೆಯ ಕಾರಣಕ್ಕೆ ಪಿ.ಎಫ್. ಮುಂಗಡ ತೆಗೆಯಬೇಕಾಗಿ ಬಂದರೆ ನನ್ನ ಕೆ.ವೈ.ಸಿ. ಸರಿಯಾಗಿದೆಯೇ? ಕೊನೆಯದಾಗಿ, ಕಳೆದ ವರ್ಷದ ಬೋನಸ್ ದೀಪಾವಳಿಗೆ ಕೊಡುವಾಗ ನಾನು ರಜೆಯಲ್ಲಿರುತ್ತೇನೆ, ಅದನ್ನು ಎಲ್ಲರ ಜೊತೆಗೇ ನನ್ನ ಬ್ಯಾಂಕ್ ಖಾತೆಗೆ ಹಾಕಬಹುದಲ್ಲವೇ?

ಕೆಲಸದ ಬಗ್ಗೆ ನಮ್ಮ ಮ್ಯಾನೇಜರ್ ಸರ್ ಜೊತೆ ಆಗಲೇ ಮಾತಾಡಿದ್ದೇನೆ. ಆಯುಧಪೂಜೆಯ ಮುಂಚಿನ ದಿನದವರೆಗೆ ಮತ್ತು ಹಬ್ಬ ಮುಗಿದು 3, 4ನೇ ತಾರೀಖು ಪೂರ್ತಿ ಕೆಲಸಕ್ಕೆ ಬರುತ್ತೇನೆ. ಅಕ್ಟೋಬರ್‌ನಲ್ಲಿ ಕ್ಯಾಲಿಬ್ರೇಷನ್ ಬಾಕಿ ಇರುವ ವರ್ನಿಯರ್, ಮೈಕ್ರೊಮೀಟರ್, ಪ್ಲಗ್ ಗೇಜ್‌ಗಳನ್ನು ಈ ವಾರವೇ ಕಳಿಸುತ್ತಿದ್ದೇನೆ. ಎರಡನೇ ಶಿಫ್ಟಿನ ಇನ್‌ಸ್ಪೆಕ್ಟರ್ ನನ್ನ ಲೈನ್ ನೋಡಿಕೊಳ್ಳಲು ಒಪ್ಪಿದ್ದಾರೆ. ಅವರನ್ನು ಜನರಲ್ ಶಿಫ್ಟಿಗೆ ಹಾಕಿದರೆ ಆ ಜಾಗಕ್ಕೆ ಟ್ರೈನಿ ಹುಡುಗಿಯನ್ನು ಕೂರಿಸಬಹುದು ಎಂಬುದು ನನ್ನ ಅಭಿಪ್ರಾಯ. ಅವಳು ಡ್ರಾಯಿಂಗ್ ಚೆನ್ನಾಗಿ ಓದುತ್ತಾಳೆ. ಥ್ರೆಡ್ ಗೇಜ್ ಹಿಡಿಯುವುದರಲ್ಲಿ ಮಾತ್ರ ಇನ್ನೂ ಸ್ವಲ್ಪ ತಯಾರಿ ಬೇಕು, ಅದನ್ನು ದಿನಾ ಊಟದ ನಂತರ ಹೇಳಿಕೊಡುತ್ತಿದ್ದೇನೆ. ನವೆಂಬರ್‌ನ ಕಸ್ಟಮರ್ ಆಡಿಟ್‌ಗೆ ಬೇಕಾದ ಫೈಲುಗಳನ್ನು ಹೊಂದಿಸಿಟ್ಟು, ಯಾವುದು ಎಲ್ಲಿದೆ ಎಂದು ಬರೆದು ಕೊಟ್ಟು ಹೋಗುತ್ತೇನೆ. ಆಡಿಟ್ ವಾರದಲ್ಲಿ ಏನಾದರೂ ಸಿಗದಿದ್ದರೆ ಫೋನ್ ಮಾಡಲಿ. ಮಧ್ಯಾಹ್ನ ಮೂರರ ನಂತರ ಸಾಮಾನ್ಯವಾಗಿ ಸಿಗುತ್ತೇನೆ, ಕೀಮೋ ದಿನ ಮಾತ್ರ ಸಂಜೆ ಆಗಬಹುದು.

ರಕ್ತದ ಅಂಶ ಇಳಿದರೆ ಒಂದೆರಡು ಸಿಟ್ಟಿಂಗ್ ಮುಂದಕ್ಕೆ ಹೋಗುವ ಸಂಭವ ಇದೆ. ಅಂಥ ಪರಿಸ್ಥಿತಿ ಬಂದರೆ 15 ನವೆಂಬರ್ ಒಳಗೆ ಡಾಕ್ಟರ್ ಚೀಟಿ ಸಮೇತ ನಿಮಗೆ ತಿಳಿಸುತ್ತೇನೆ. ಬೇಗ ಮುಗಿದರೆ 24ರವರೆಗೆ ಕಾಯದೆ ಬಂದು ಹಾಜರಾಗುತ್ತೇನೆ. ಇಡೀ ಅವಧಿಗೆ ರಜೆ ಕೊಡುವುದು ಕಷ್ಟ ಎನಿಸಿದರೆ ದಯವಿಟ್ಟು ಕರೆದು ಮಾತಾಡಿ. ಮೊದಲ ವಾರದಲ್ಲಿ ಎರಡು ದಿನ ಅಣ್ಣ ಅಮ್ಮನನ್ನು ಕರೆದುಕೊಂಡು ಹೋಗಬಹುದು, ಆಗ ನಾನು ಬರಬಲ್ಲೆ. ಮೂರನೇ ವಾರದಿಂದ ಮುಂದಕ್ಕೆ, ಬ್ರಾಕಿಥೆರಪಿ ಮುಗಿಯುವವರೆಗೆ, ನಾನು ಅಮ್ಮನ ಜೊತೆ ಇರಲೇಬೇಕು.

ಆಸ್ಪತ್ರೆಯವರು ಈ ವಾರದ ಕೊನೆಗೆ ಅಮ್ಮನ ಸಿಟ್ಟಿಂಗ್ ಪಟ್ಟಿ ಅಂತಿಮ ಮಾಡುತ್ತಾರೆ. 26 ಸೆಪ್ಟೆಂಬರ್ ಒಳಗೆ ನಿಮ್ಮ ಉತ್ತರ ಸಿಕ್ಕರೆ ತುಂಬಾ ಉಪಕಾರವಾಗುತ್ತದೆ. ಬಯಾಪ್ಸಿ ರಿಪೋರ್ಟ್, ಡಾಕ್ಟರ್ ಬರೆದ ಚಿಕಿತ್ಸಾ ಪತ್ರ ಮತ್ತು ಕೆಲಸ ವಹಿಸಿಕೊಡುವ ಪಟ್ಟಿಯ ಪ್ರತಿಗಳನ್ನು ಇದರ ಜೊತೆ ಲಗತ್ತಿಸಿದ್ದೇನೆ. ಕಾಯಿಲೆಯ ವಿವರ ನಿಮ್ಮ ಮತ್ತು ಮ್ಯಾನೇಜರ್ ಸರ್ ನಡುವೆಯೇ ಇರಲಿ ಎಂದು ವಿನಂತಿ. ಲೈನಿನಲ್ಲಿ ಎಲ್ಲರಿಗೂ ಗೊತ್ತಾಗುವುದು ಅಮ್ಮನಿಗೆ ಇಷ್ಟವಿಲ್ಲ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಭಾಗ್ಯ ಕೆ.ಆರ್.
ಟೋಕನ್ ನಂ. 417