ಕೊಠಡಿ ಹಂಚಿಕೆ: ವರ್ಷ ಮತ್ತು ಮೆರಿಟ್ ಕುರಿತು ವಾರ್ಡನ್ ಪತ್ರ

ದಿನಾಂಕ: ಜೂನ್ 20

ವಿದ್ಯಾರ್ಥಿನಿಲಯದ ಎಲ್ಲ ವಿದ್ಯಾರ್ಥಿನಿಯರಿಗೆ ಮತ್ತು ಅವರ ಪೋಷಕರಿಗೆ,

ನಮಸ್ಕಾರ. ಮುಂದಿನ ವರ್ಷದ ಕೊಠಡಿ ಹಂಚಿಕೆಗೆ ಅರ್ಜಿಗಳು ಬರತೊಡಗಿವೆ. ಅರ್ಜಿಗಳ ಜೊತೆಗೆ ಪ್ರಶ್ನೆಗಳೂ ಬರುತ್ತಿವೆ. "ನನ್ನ ಅಂಕ ಅವಳಿಗಿಂತ ಹೆಚ್ಚು, ಹಾಗಿದ್ದರೂ ಅವಳಿಗೆ ಒಂಟಿ ಕೊಠಡಿ ಏಕೆ?" ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಕೇಳಬೇಕಾದ ಪ್ರಶ್ನೆಯೇ ಇದು. ಹತ್ತು ತಿಂಗಳು ಮಲಗಿ, ಓದಿ, ಎದ್ದು ಬದುಕುವ ಜಾಗವನ್ನು ಯಾವ ಲೆಕ್ಕದ ಮೇಲೆ ಕೊಟ್ಟರು ಎಂದು ತಿಳಿಯುವ ಹಕ್ಕು ನಿಮಗಿದೆ. ಆದ್ದರಿಂದ ನಿಯಮಗಳನ್ನು ಕಾರಣಗಳ ಸಮೇತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ನಿಮಗೆ ಯಾವ ಬಗೆಯ ಕೊಠಡಿ ಸಿಗುತ್ತದೆ ಎಂಬುದನ್ನು ನೀವು ಓದುತ್ತಿರುವ ವರ್ಷ ನಿರ್ಧರಿಸುತ್ತದೆ. ಆ ವರ್ಷದವರೊಳಗೆ ಯಾರು ಮೊದಲು ಆರಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಮೆರಿಟ್ ನಿರ್ಧರಿಸುತ್ತದೆ. ಎರಡನೇ ವರ್ಷದ ವಿದ್ಯಾರ್ಥಿನಿ ಎಷ್ಟೇ ಅಂಕ ಪಡೆದಿರಲಿ, ಅಂತಿಮ ವರ್ಷದವರ ಸಾಲಿನಲ್ಲಿ ನಿಲ್ಲುವುದಿಲ್ಲ. ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್ ಕೆಲಸ, ಉದ್ಯೋಗ ಸಂದರ್ಶನ, ಉನ್ನತ ವ್ಯಾಸಂಗದ ಪರೀಕ್ಷೆ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ನಡುರಾತ್ರಿಯವರೆಗೆ ದೀಪ ಉರಿಸಬೇಕಾದವರಿಗೂ ಹತ್ತು ಗಂಟೆಗೆ ಮಲಗುವವರಿಗೂ ಒಂದೇ ಕೊಠಡಿ ಹೊಂದುವುದಿಲ್ಲ. ಆ ಏಕಾಂತದ ಅಗತ್ಯ ಎಲ್ಲರಿಗೂ ಒಂದು ದಿನ ಬರುತ್ತದೆ, ಅದನ್ನು ಕೇಳುವ ಸರದಿಯೂ ಎಲ್ಲರಿಗೂ ಬರುತ್ತದೆ.

ಮೊದಲ ವರ್ಷದವರು ಹಿಂಬದಿಯ ಕಟ್ಟಡದಲ್ಲಿ, ಕೊಠಡಿಗೆ ನಾಲ್ವರಂತೆ ಇರುತ್ತಾರೆ. ಎರಡನೇ ವರ್ಷದವರಿಗೆ ಮೂವರ ಕೊಠಡಿ, ಮೂರನೇ ವರ್ಷದವರಿಗೆ ಇಬ್ಬರ ಕೊಠಡಿ. ಅಂತಿಮ ವರ್ಷದವರಿಗೆ ಒಂಟಿ ಕೊಠಡಿ ಎಂಬುದು ನಿಯಮ. ಆದರೆ ಇರುವ ಒಂಟಿ ಕೊಠಡಿಗಳು 40 ಮಾತ್ರ. ಅವುಗಳಲ್ಲಿ ನೆಲಮಹಡಿಯ ನಾಲ್ಕನ್ನು ಆರೋಗ್ಯದ ಕಾರಣಕ್ಕೆ ಕಾದಿರಿಸಿದೆ. ಈ ವರ್ಷ ಅಂತಿಮ ವರ್ಷಕ್ಕೆ ಕಾಲಿಡುವ ನಿವಾಸಿಗಳು 78. ಅಂದರೆ ಮೆರಿಟ್ ಪಟ್ಟಿಯ ಮೊದಲ 36 ಮಂದಿಗೆ ಒಂಟಿ ಕೊಠಡಿ ಖಚಿತ, ಉಳಿದ 42 ಮಂದಿ ಇಬ್ಬರ ಕೊಠಡಿಗಳಲ್ಲಿ ಇರಬೇಕಾಗುತ್ತದೆ. ಕಾದಿರಿಸಿದ ಕೊಠಡಿಗಳಲ್ಲಿ ಯಾವುದಾದರೂ ಉಳಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮೆರಿಟ್ ನಿಜವಾಗಿ ಬಿಗಿಯಾಗುವುದು ಇಲ್ಲಿಯೇ. ಹಾಗಾಗಿ ಅದನ್ನು ಲೆಕ್ಕ ಹಾಕುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೇರೆ ಬೇರೆ ವಿಭಾಗಗಳ ಅಂಕಗಳನ್ನು ನೇರವಾಗಿ ಹೋಲಿಸುವುದಿಲ್ಲ. ಕೆಲವು ವಿಭಾಗಗಳಲ್ಲಿ ಅಂಕ ಧಾರಾಳ, ಕೆಲವು ಕಡೆ ಬಹಳ ಬಿಗಿ. ಒಂದು ವಿಭಾಗದ 8.2 ಇನ್ನೊಂದರ 8.9ಕ್ಕಿಂತ ಹೆಚ್ಚಿನ ಶ್ರಮದ ಫಲವಾಗಿರಬಹುದು. ಆದ್ದರಿಂದ ನಿಮ್ಮ ತರಗತಿಯಲ್ಲಿ ನೀವು ಎಷ್ಟನೆಯವರು ಎಂಬುದನ್ನು ತರಗತಿಯ ಒಟ್ಟು ಸಂಖ್ಯೆಯಿಂದ ಭಾಗಿಸಿ ಶೇಕಡಾ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇವೆ. 60 ಮಂದಿಯ ತರಗತಿಯಲ್ಲಿ 12ನೆಯವಳೂ 30 ಮಂದಿಯ ತರಗತಿಯಲ್ಲಿ 6ನೆಯವಳೂ ಈ ಲೆಕ್ಕದಲ್ಲಿ ಸಮಾನರು, ಇಬ್ಬರದೂ ಶೇಕಡಾ 20. ಈ ಸಂಖ್ಯೆ ಕಡಿಮೆಯಾದಷ್ಟೂ ನಿಮ್ಮ ಸರದಿ ಮುಂದೆ.

ಲೆಕ್ಕಕ್ಕೆ ಬರುವುದು ಕಳೆದ ಎರಡು ಸೆಮಿಸ್ಟರ್‌ಗಳ ಫಲಿತಾಂಶ ಮಾತ್ರ. ಮೊದಲ ವರ್ಷದಲ್ಲಿ ಮನೆಯ ನೆನಪಿಗೋ ಹೊಸ ಪಾಠಕ್ಕೋ ತತ್ತರಿಸಿ, ಆಮೇಲೆ ಚೇತರಿಸಿಕೊಂಡ ಎಷ್ಟೋ ಹುಡುಗಿಯರನ್ನು ನಾನು ನೋಡಿದ್ದೇನೆ. ಆ ಹಳೆಯ ಅಂಕಗಳು ಅವರನ್ನು ನಾಲ್ಕನೇ ವರ್ಷದವರೆಗೂ ಬೆನ್ನಟ್ಟಬಾರದು. ಇಬ್ಬರ ಸ್ಥಾನ ಸಮವಾದಾಗ ಮಾತ್ರ ಅಲ್ಲಿಯವರೆಗಿನ ಎಲ್ಲ ಸೆಮಿಸ್ಟರ್‌ಗಳ ಲೆಕ್ಕವನ್ನು ನೋಡುತ್ತೇವೆ. ಅದೂ ಸಮವಾದರೆ ಇಬ್ಬರ ಎದುರಿನಲ್ಲೇ ಚೀಟಿ ಎತ್ತುತ್ತೇವೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದವರ ಹೊಸ ಅಂಕ ಜುಲೈ 2ರೊಳಗೆ ಬಂದರೆ ಅದನ್ನೇ ಪರಿಗಣಿಸುತ್ತೇವೆ. ಆಮೇಲೆ ಬಂದರೆ ಈ ವರ್ಷದ ಪಟ್ಟಿ ಬದಲಾಗುವುದಿಲ್ಲ.

ಇಬ್ಬರ ಅಥವಾ ಮೂವರ ಕೊಠಡಿಗೆ ಗೆಳತಿಯರು ಒಟ್ಟಾಗಿ ಅರ್ಜಿ ಹಾಕಬಹುದು. ಆಗ ಎಲ್ಲರ ಶೇಕಡಾ ಸ್ಥಾನಗಳ ಸರಾಸರಿಯೇ ಗುಂಪಿನ ಸ್ಥಾನ. ಒಬ್ಬಳದು 10, ಇನ್ನೊಬ್ಬಳದು 50 ಆಗಿದ್ದರೆ ಜೋಡಿಯದು 30. ಹೆಚ್ಚು ಅಂಕದವಳ ಸ್ಥಾನವನ್ನೇ ಇಡೀ ಗುಂಪಿಗೆ ಕೊಟ್ಟರೆ ಅಂಕ ನೋಡಿ ಗೆಳೆತನ ಬೆಳೆಸುವ ಒತ್ತಡ ಶುರುವಾಗುತ್ತದೆ. ಕಡಿಮೆ ಅಂಕದವಳದನ್ನು ಕೊಟ್ಟರೆ ಅವಳನ್ನು ಯಾರೂ ಜೊತೆಗೆ ಕರೆಯುವುದಿಲ್ಲ. ಸರಾಸರಿಯಲ್ಲಿ ಈ ಎರಡೂ ನೋವು ಕಡಿಮೆ. ಜೊತೆಗಾತಿ ಇಲ್ಲದವರು ಒಬ್ಬರೇ ಅರ್ಜಿ ಹಾಕಿ, ನಾವು ಹೊಂದಿಸಿಕೊಡುತ್ತೇವೆ.

ಮೊದಲ ವರ್ಷದವರಿಗೆ ಮೆರಿಟ್ ಅನ್ವಯಿಸುವುದಿಲ್ಲ. ಬೇರೆ ಬೇರೆ ಕಡೆಯ ಪರೀಕ್ಷೆಗಳನ್ನು ಬರೆದು ಬಂದವರನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವರ ಕೊಠಡಿಗಳನ್ನು ವಿಭಾಗಗಳು ಬೆರೆಯುವಂತೆ ನಾವೇ ಹಂಚುತ್ತೇವೆ. ಒಂದೇ ಶಾಲೆಯಿಂದ ಬಂದವರನ್ನು ಒಟ್ಟಿಗೆ ಹಾಕಿ ಎಂದು ಕೇಳುವ ಪೋಷಕರಲ್ಲಿ ನನ್ನ ವಿನಂತಿ: ಎರಡು ತಿಂಗಳು ಕಾಯಿರಿ. ಆಮೇಲೂ ಮಗಳು ಹೊಂದಿಕೊಳ್ಳಲಾಗದಿದ್ದರೆ ಬದಲಾವಣೆಯನ್ನು ಖಂಡಿತ ಪರಿಶೀಲಿಸುತ್ತೇನೆ. ಕೊಠಡಿಯಲ್ಲಿ ಯಾರಾದರೂ ಕಿರುಕುಳ ಕೊಟ್ಟರೆ ಮಾತ್ರ ಒಂದು ದಿನವನ್ನೂ ಕಾಯಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ನನ್ನ ಬಾಗಿಲು ತಟ್ಟಿ.

ನೇರವಾಗಿ ಎರಡನೇ ವರ್ಷಕ್ಕೆ ಸೇರುವವರನ್ನು ಎರಡನೇ ವರ್ಷದವರೆಂದೇ ಪರಿಗಣಿಸುತ್ತೇವೆ. ಇಲ್ಲಿನ ಅಂಕಗಳು ಅವರಿಗೆ ಇಲ್ಲದ ಕಾರಣ ಪಟ್ಟಿಯಲ್ಲಿ ನಡುವಿನ ಸ್ಥಾನ, ಅಂದರೆ ಶೇಕಡಾ 50 ಕೊಡುತ್ತೇವೆ. ವರ್ಷ ಪುನರಾವರ್ತಿಸುವವರಿಗೆ ಅವರು ಓದುತ್ತಿರುವ ವರ್ಷದ ಕೊಠಡಿಯೇ ಸಿಗುತ್ತದೆ, ಸೇರಿ ಎಷ್ಟು ವರ್ಷವಾಯಿತು ಎಂಬ ಲೆಕ್ಕವಿಲ್ಲ.

ಅಂಗವಿಕಲತೆ, ದೀರ್ಘಕಾಲದ ಕಾಯಿಲೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇವು ವರ್ಷಕ್ಕೂ ಮೆರಿಟ್‌ಗೂ ಮೊದಲು ಬರುತ್ತವೆ. ವೈದ್ಯರ ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ನನ್ನ ಕೈಗೇ ಕೊಡಿ. ಪಟ್ಟಿಯಲ್ಲಿ ಕೊಠಡಿ ಸಂಖ್ಯೆ ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ. ನೆಲಮಹಡಿಯ ಕೊಠಡಿ ಅವಳಿಗೆ ಹೇಗೆ ಸಿಕ್ಕಿತು ಎಂದು ದಯವಿಟ್ಟು ಯಾರನ್ನೂ ಕೆದಕಬೇಡಿ.

ತಡವಾಗಿ ಬಂದದ್ದು, ಹಾಜರಿ ಪುಸ್ತಕದಲ್ಲಿ ಸಹಿ ಮಾಡದಿದ್ದದ್ದು ಮುಂತಾದ ಶಿಸ್ತಿನ ವಿಷಯಗಳನ್ನು ಇದರೊಂದಿಗೆ ಬೆರೆಸುವುದಿಲ್ಲ, ಅವುಗಳ ವಿಚಾರಣೆ ಬೇರೆ. ಶಿಫಾರಸು ಪತ್ರಗಳಿಂದ ಯಾರ ಸ್ಥಾನವೂ ಬದಲಾಗುವುದಿಲ್ಲ. ಅಂತಹ ಪತ್ರ ತರಿಸಲು ಪೋಷಕರು ಓಡಾಡುವ ಅಗತ್ಯವಿಲ್ಲ.

ಅರ್ಜಿಗಳನ್ನು ಜುಲೈ 2ರ ಸಂಜೆ ಐದರೊಳಗೆ ನಿಲಯದ ಕಚೇರಿಗೆ ಕೊಡಬೇಕು. ಪಟ್ಟಿಯನ್ನು ಜುಲೈ 6ರಂದು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಲೆಕ್ಕದಲ್ಲಿ ತಪ್ಪು ಕಂಡರೆ ಜುಲೈ 9ರೊಳಗೆ ಬರವಣಿಗೆಯಲ್ಲಿ ತಿಳಿಸಿ, ನಿಮ್ಮ ಎದುರಿನಲ್ಲೇ ಕೂಡಿ ಭಾಗಿಸಿ ತೋರಿಸುತ್ತೇನೆ. ಕೊಠಡಿ ಆರಿಸಿಕೊಳ್ಳುವ ದಿನ ಜುಲೈ 12, ಬೆಳಿಗ್ಗೆ ಹತ್ತಕ್ಕೆ ಓದುವ ಕೋಣೆಯಲ್ಲಿ. ಬರಲಾಗದವರು ಗೆಳತಿಯೊಬ್ಬಳ ಕೈಯಲ್ಲಿ ಸಹಿ ಮಾಡಿದ ಪತ್ರ ಕಳುಹಿಸಬಹುದು. ಪತ್ರವೂ ಇಲ್ಲದೆ ಸರದಿ ಬಂದಾಗ ಗೈರಾದವರಿಗೆ ಕೊನೆಯಲ್ಲಿ ಉಳಿದ ಕೊಠಡಿ ಸಿಗುತ್ತದೆ. ಒಂದೇ ವರ್ಷದವರು ಪರಸ್ಪರ ಒಪ್ಪಿ ಕೊಠಡಿ ಬದಲಿಸಿಕೊಳ್ಳುವುದಿದ್ದರೆ ಜುಲೈ 20ರಿಂದ 26ರವರೆಗೆ ಇಬ್ಬರೂ ಬಂದು ಸಹಿ ಮಾಡಬೇಕು. ಈಗಿನ ಕೊಠಡಿಯ ಕೀಲಿಯನ್ನು ಒಪ್ಪಿಸಿ, ಮಂಚ, ಮೇಜು, ಕಪಾಟುಗಳನ್ನು ತೋರಿಸಿ ರಸೀದಿ ಪಡೆದವರಿಗೆ ಮಾತ್ರ ಹೊಸ ಕೀಲಿ ಕೊಡುತ್ತೇವೆ.

ಇಂತಿ,
ವಾರ್ಡನ್
ವಿದ್ಯಾರ್ಥಿನಿಯರ ನಿಲಯ