ವಿಷಯ: ಸ್ಲಿಪ್ ಗೇಜ್ ಸೆಟ್ ಖರೀದಿಗೆ ಮಂಜೂರಾತಿ ಕೋರಿ

ಮಾನ್ಯ ಪ್ರಧಾನ ವ್ಯವಸ್ಥಾಪಕರಿಗೆ,

ನಮ್ಮ ಹುಬ್ಬಳ್ಳಿ ಘಟಕಕ್ಕೆ 87 ತುಂಡುಗಳ, ಗ್ರೇಡ್ 0 ಸ್ಲಿಪ್ ಗೇಜ್ ಸೆಟ್ ಒಂದು ಬೇಕಾಗಿದೆ. ಪ್ರಮಾಣಪತ್ರ ಸಹಿತ ದರ 92,000 ರೂಪಾಯಿ.

ಕಳೆದ ತಿಂಗಳ ಪ್ರಕರಣ ತಮಗೆ ನೆನಪಿರಬಹುದು. ಎರಡನೇ ಲೇತ್‌ನ ಮೈಕ್ರೋಮೀಟರ್ 0.02 ಮಿ.ಮೀ. ಹೆಚ್ಚು ತೋರಿಸುತ್ತಿತ್ತು. ಅದನ್ನು ನಂಬಿ ತಿರುಗಿಸಿದ 140 ಶಾಫ್ಟ್‌ಗಳು ಸಣ್ಣವಾಗಿ ಗುಜರಿ ಸೇರಿದವು. ದಪ್ಪ ಉಳಿದಿದ್ದರೆ ಇನ್ನೊಮ್ಮೆ ಕೆತ್ತಬಹುದಿತ್ತು. ಸೆಟ್‌ನ 20 ಮತ್ತು 5 ಮಿ.ಮೀ. ಗೇಜ್‌ಗಳನ್ನು ಜೋಡಿಸಿ ಬೆಳಿಗ್ಗೆ ಅದರ ದವಡೆಗಳ ನಡುವೆ ಇಟ್ಟು ನೋಡಿದ್ದರೆ ಎರಡು ನಿಮಿಷದಲ್ಲಿ ದೋಷ ಗೊತ್ತಾಗುತ್ತಿತ್ತು.

38 ಮೈಕ್ರೋಮೀಟರ್, ವರ್ನಿಯರ್‌ಗಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆಗೆ ಹೊರಗೆ ಕಳುಹಿಸಲು ತಲಾ 450ರಂತೆ 34,200, ಸಾಗಣೆಗೆ 9,000 ರೂಪಾಯಿ ಆಗುತ್ತಿದೆ. ಪ್ರತಿ ಬಾರಿಯೂ ಹತ್ತು ದಿನ ಉಪಕರಣಗಳಿಲ್ಲದೆ ಪರದಾಟ.

ಸೆಟ್ ಬಂದರೆ ಈ ತಪಾಸಣೆಯನ್ನು ನಾವೇ ಮಾಡಬಹುದು. ಆದರೂ ಸೆಟ್ ಅನ್ನು ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳುಹಿಸಲೇಬೇಕು. ಅದಕ್ಕೆ ಸುಮಾರು 8,000 ಹಿಡಿದಿದ್ದೇನೆ. ಆ ಲೆಕ್ಕದಲ್ಲಿ ಹಾಕಿದ ಹಣ ಮೂರು ವರ್ಷದೊಳಗೆ ಮರಳುತ್ತದೆ. ಗುಜರಿಯ ನಷ್ಟವನ್ನು ಇದರಲ್ಲಿ ಸೇರಿಸಿಲ್ಲ.

ಅಳತೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೋಡಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಶೆಡ್ ಒಗ್ಗದು. ಗುಣಮಟ್ಟ ವಿಭಾಗದ ಎಸಿ ಕೋಣೆಯಲ್ಲಿ ಒಂದು ಮೇಜು ಕೊಟ್ಟರೆ ಸಾಕು.

ದರಪಟ್ಟಿ ಈ ತಿಂಗಳ ಕೊನೆಯವರೆಗೆ ಮಾತ್ರ ಊರ್ಜಿತ. ಅಷ್ಟರೊಳಗೆ ಮಂಜೂರಾತಿ ನೀಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ನಿರ್ವಹಣಾ ಎಂಜಿನಿಯರ್