ಸಾಲಿನಲ್ಲಿ ಪ್ರಣವನ ಜಾಗ

ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ, ಆಡಳಿತ ಮಂಡಳಿಯ ಹಿರಿಯರೇ, ಗುರುಗಳೇ, ಈ ಮಳೆಯಲ್ಲಿಯೂ ಲೋಕಲ್ ಹಿಡಿದು ಬಂದಿರುವ ಪಾಲಕರೇ, ನಿಮಗೆಲ್ಲ ನಮಸ್ಕಾರ.

ನಾನು ಐದನೆಯ ತರಗತಿಯ ಪ್ರಣವನ ತಂದೆ. ಅವನಿಗೆ ಆಟಿಸಂ ಇದೆ. ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವವನು. ಸಭೆಯಲ್ಲಿ ಎದ್ದು ನಿಂತು ಮಾತನಾಡಿ ಅಭ್ಯಾಸವಿಲ್ಲ, ಅದಕ್ಕಾಗಿ ಬರೆದುಕೊಂಡು ಬಂದಿದ್ದೇನೆ. ಈಗಷ್ಟೇ ಈ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಓದಿದಿರಿ. ಆಗಸ್ಟ್ 15ರ ಧ್ವಜವಂದನೆ ಮತ್ತು ಕವಾಯತು, ನವೆಂಬರ್ 1ರ ರಾಜ್ಯೋತ್ಸವ, ವರಳಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಪ್ರವಾಸ, ಡಿಸೆಂಬರಿನಲ್ಲಿ ಕ್ರೀಡಾಕೂಟ, ಜನವರಿಯಲ್ಲಿ ವಾರ್ಷಿಕೋತ್ಸವ. ಈ ಎಲ್ಲದರಲ್ಲಿಯೂ ನನ್ನ ಮಗ ಇರಬೇಕು. ಇದನ್ನು ಕೇಳಲೆಂದೇ ಇಂದು ಅರ್ಧ ದಿನದ ರಜೆ ಹಾಕಿ ಬಂದಿದ್ದೇನೆ.

ಕಳೆದ ವಾರ್ಷಿಕೋತ್ಸವದ ದಿನ ನಡೆದದ್ದನ್ನು ಮೊದಲು ಹೇಳುತ್ತೇನೆ. ಹಿಂದಿನ ಸಂಜೆ ಶಾಲೆಯಿಂದ ಫೋನ್ ಬಂತು. "ನಾಳೆ ಬಹಳ ಗದ್ದಲ ಇರುತ್ತದೆ, ಪ್ರಣವನಿಗೆ ಕಷ್ಟವಾಗುತ್ತದೆ, ಮನೆಯಲ್ಲಿಯೇ ಇರಲಿ" ಎಂದರು. ದನಿಯಲ್ಲಿ ಅಕ್ಕರೆಯೇ ಇತ್ತು, ಅದನ್ನು ನಾನು ಮರೆತಿಲ್ಲ. ನಾವು ಅವನಿಗೆ ಏನೂ ಹೇಳಲಿಲ್ಲ. ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಅವನು ಸಮವಸ್ತ್ರ ತೊಟ್ಟು, ಕಾಲುಚೀಲ ಎಳೆದುಕೊಂಡು ಬಾಗಿಲ ಬಳಿ ಕುಳಿತಿದ್ದ. ಮನೆಯಲ್ಲಿದ್ದ ಚಪ್ಪಲಿ, ಬೂಟುಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದ್ದ. ಮೊದಲು ತನ್ನ ತಂಗಿಯದು, ಆಮೇಲೆ ತನ್ನದು, ಅಮ್ಮನದು, ಕೊನೆಗೆ ನನ್ನ ಮಳೆಗಾಲದ ಗಂಬೂಟು. ಅವುಗಳ ಮುಂದೆ ಕುಳಿತು, "ಸಾಲಾಗಿ ನಿಲ್ಲಿ, ಅಲುಗಾಡಬೇಡಿ, ಸಾಲಾಗಿ ನಿಲ್ಲಿ" ಎನ್ನುತ್ತಿದ್ದ. ಅದು ಅವನ ಟೀಚರ ಮಾತು, ಅವರದೇ ಧಾಟಿ. ಮೂರು ವಾರ ಬೇರೆ ಮಕ್ಕಳು ನೃತ್ಯದ ಅಭ್ಯಾಸ ಮಾಡುವಾಗ ತರಗತಿಯ ಕಿಟಕಿಯಿಂದ ಅವನು ನೋಡಿದ್ದು ಇಷ್ಟು. ಮಧ್ಯಾಹ್ನದವರೆಗೂ ಸಮವಸ್ತ್ರ ಬಿಚ್ಚಲು ಬಿಡಲಿಲ್ಲ.

ಅವನಿಗೆ ತಿಳಿಯುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆ ಬೆಳಿಗ್ಗೆಯ ನಂತರ ನಾನು ಹಾಗೆ ಅಂದುಕೊಂಡಿಲ್ಲ.

ಆಟಿಸಂ ಎನ್ನುವುದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಶಬ್ದವಿದೆ. ತನ್ನಲ್ಲೇ ಲೀನವಾಗಿರುವುದು ಎಂದು ಅರ್ಥ. ಪಂಡಿತರ ಮೇಲೆ ಗೌರವವಿದೆ, ಆದರೆ ಆ ಶಬ್ದ ನನಗೆ ಒಪ್ಪುವುದಿಲ್ಲ. ನನ್ನ ಮಗ ತನ್ನಲ್ಲೇ ಮುಳುಗಿಲ್ಲ. ಹೊರಗಿನದೆಲ್ಲ ಅವನ ಮೈಮೇಲೆ ಒಟ್ಟಿಗೇ ಬಂದು ಬೀಳುತ್ತದೆ. ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಗಂಟೆಯ ಹೊತ್ತನ್ನು ನೆನೆಯಿರಿ. ಒಂದು ಮಸಾಲೆ, ಎರಡು ಇಡ್ಲಿ ಎಂಬ ಕೂಗು, ತಟ್ಟೆಗಳ ಸದ್ದು, ಮಿಕ್ಸರ್, ಬಾಗಿಲಲ್ಲಿ ರಿಕ್ಷಾದ ಹಾರ್ನ್. ಅಷ್ಟರ ನಡುವೆಯೂ ಗಿರಾಕಿ ಬಿಲ್ಲು ಎಷ್ಟೆಂದು ಕೇಳಿದರೆ ನನಗೆ ಅದು ಮಾತ್ರ ಕೇಳಿಸುತ್ತದೆ. ಬೇಡದ ಸದ್ದನ್ನು ನಮ್ಮ ಮಿದುಳು ಬದಿಗೆ ಸರಿಸುತ್ತದೆ. ಪ್ರಣವನಿಗೆ ಆ ಸೌಕರ್ಯವಿಲ್ಲ. ಎಲ್ಲವೂ ಒಂದೇ ಜೋರಿನಲ್ಲಿ ಕೇಳಿಸುತ್ತದೆ. ಆಗ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ, ಕೈ ಬಡಿಯುತ್ತಾನೆ, ಕೆಲವೊಮ್ಮೆ ಓಡುತ್ತಾನೆ. ಅದು ಹಟವಲ್ಲ, ನಾವು ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. ಎಲ್ಲ ಆಟಿಸಂ ಮಕ್ಕಳೂ ಹೀಗೆಯೇ ಇರುವುದಿಲ್ಲ. ನಾನು ನನ್ನ ಮಗನ ಮಾತನ್ನು ಮಾತ್ರ ಹೇಳಬಲ್ಲೆ.

ಹಾಗೆಂದು ಎಲ್ಲವೂ ಸರಾಗವಾಗಿದೆ ಎಂದು ನಿಮ್ಮೆದುರು ಸುಳ್ಳು ಹೇಳುವುದಿಲ್ಲ. ಹೋದ ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಮೈಕು ಕಿರುಚಿದಾಗ ಅವನು ಎದುರಿಗಿದ್ದ ಹುಡುಗನನ್ನು ದೂಡಿದ. ಆ ಮಗುವಿನ ಮೊಣಕಾಲು ತರಚಿತು. ಅದೇ ಸಂಜೆ ಅವರ ಮನೆಗೆ ಹೋಗಿ ನಾನೂ ನನ್ನ ಹೆಂಡತಿಯೂ ಕ್ಷಮೆ ಕೇಳಿದೆವು. ಆ ತಾಯಿ ಈ ಸಭೆಯಲ್ಲಿಯೇ ಇದ್ದಾರೆ. ಅಂದು ಅವರು ನಮ್ಮನ್ನು ಕೂರಿಸಿ ಚಹಾ ಕೊಟ್ಟು, "ಅಣ್ಣ, ಅವನಿಗೆ ಯಾವುದರಿಂದ ಭಯವಾಗುತ್ತದೆ ಎಂದು ನಮ್ಮ ಹುಡುಗನಿಗೂ ಹೇಳಿಕೊಡಿ" ಎಂದರು. ಈಗ ಅದೇ ಹುಡುಗ ಮೈಕು ಹಚ್ಚುವ ಮುಂಚೆ ಪ್ರಣವನ ಕಡೆ ತಿರುಗಿ ಎರಡೂ ಕಿವಿ ಮುಟ್ಟಿ ಸನ್ನೆ ಮಾಡುತ್ತಾನೆ. ಇವನು ಕಿವಿ ಮುಚ್ಚಿಕೊಂಡು ತಯಾರಾಗುತ್ತಾನೆ. ಈ ಉಪಾಯವನ್ನು ಯಾವ ಡಾಕ್ಟರೂ ನಮಗೆ ಹೇಳಿರಲಿಲ್ಲ. ಹತ್ತು ವರ್ಷದ ಒಬ್ಬ ಹುಡುಗ ಕಂಡುಕೊಂಡ.

ಕಾನೂನಿನ ಮಾತನ್ನೂ ಹೇಳಬೇಕು. ಬೆದರಿಕೆ ಎಂದು ದಯವಿಟ್ಟು ತಿಳಿಯಬೇಡಿ. ತಿಳಿದಿದ್ದೂ ಬಚ್ಚಿಟ್ಟರೆ ಅದು ನನ್ನ ಮಗನಿಗೆ ಮಾಡಿದ ಮೋಸವಾಗುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಅದರ 16ನೆಯ ಸೆಕ್ಷನ್ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಬಗ್ಗೆ ಹೇಳುತ್ತದೆ. ಮಗುವಿಗೆ ಭೇದವಿಲ್ಲದೆ ಪ್ರವೇಶ ಕೊಟ್ಟರೆ ಸಾಲದು, ಆಟೋಟ ಮತ್ತು ಮನರಂಜನೆಯಲ್ಲಿಯೂ ಉಳಿದವರ ಸಮಾನವಾಗಿ ಅವಕಾಶ ಕೊಡಬೇಕು, ಅವನವನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅಲ್ಲಿದೆ. ಓದು ಮಾತ್ರ ಶಾಲೆ, ಆಟ ಮತ್ತು ಪ್ರವಾಸ ಹೆಚ್ಚಿನದು ಎಂದು ಕಾನೂನು ಎಣಿಸಿಲ್ಲ.

ಆದರೆ ಈ ಹೊಂದಾಣಿಕೆ ಎಂಬುದನ್ನು ನಾನು ಕಲಿತದ್ದು ಕಾನೂನಿನಿಂದಲ್ಲ. ಕಾರ್ಕಳದ ಕಡೆಯ ಹಳ್ಳಿಯಿಂದ ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದೆ. ಕೋಟೆ ಭಾಗದ ಹೋಟೆಲಿನಲ್ಲಿ ಹಗಲೆಲ್ಲ ಕಪ್ಪು ಬಸಿ ತೊಳೆಯುತ್ತಿದ್ದೆ. ಸಂಜೆ ಆರೂವರೆಗೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆ. ಇಲ್ಲಿರುವ ಹಿರಿಯರಲ್ಲಿ ಕೆಲವರಾದರೂ ಅಂಥ ಶಾಲೆಯಲ್ಲಿಯೇ ಓದಿದವರು. ಹಗಲಿನಲ್ಲಿ ಬರಲಾಗದವರು ಬೇಡ ಎಂದು ಆ ಶಾಲೆಗಳು ಹೇಳಲಿಲ್ಲ. ನಮಗೋಸ್ಕರ ತಮ್ಮ ಹೊತ್ತನ್ನೇ ರಾತ್ರಿಗೆ ಸರಿಸಿದವು. ತೂಕಡಿಸಿದರೆ ಮೇಷ್ಟ್ರು ಬೈಯುತ್ತಿರಲಿಲ್ಲ, ಮುಖ ತೊಳೆದು ಬಾ ಎನ್ನುತ್ತಿದ್ದರು. ನಮ್ಮ ಮೈಯಲ್ಲಿ ಸಾಂಬಾರಿನ ವಾಸನೆ ಇದೆ ಎಂದು ವಾರ್ಷಿಕೋತ್ಸವದ ನಾಟಕದಿಂದ ಯಾರೂ ನಮ್ಮನ್ನು ಹೊರಗಿಡಲಿಲ್ಲ. ನಾನು ಒಂದು ವರ್ಷ ದ್ವಾರಪಾಲಕನ ಪಾತ್ರ ಮಾಡಿದ್ದೆ. ಒಂದೇ ಮಾತು ಇದ್ದದ್ದು, ಅದನ್ನೂ ಮರೆತೆ. ನಾಟಕ ಮುಂದೆ ಸಾಗಿತು. ಈ ಊರಿನಲ್ಲಿ ನನಗೂ ಒಂದು ಜಾಗವಿದೆ ಎಂದು ಮೊದಲು ಅನ್ನಿಸಿದ್ದು ಆ ರಾತ್ರಿ, ಆ ರಂಗದ ಮೇಲೆ.

ಹೊಟ್ಟೆಪಾಡಿನ ಹುಡುಗರಿಗೆ ಮುಂಬಯಿಯ ಕನ್ನಡಿಗರು ಮಾಡಿಕೊಟ್ಟದ್ದನ್ನೇ ನಾನು ಈಗ ನನ್ನ ಮಗನಿಗೆ ಕೇಳುತ್ತಿದ್ದೇನೆ.

ಅದಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಅಂದು ಯಾವುದರ ನಂತರ ಯಾವುದು ನಡೆಯುತ್ತದೆ ಎಂದು ನಮಗೆ ತಿಳಿಸಿ. ನಾವು ಚಿತ್ರ ಬರೆದು ಗೋಡೆಗೆ ಅಂಟಿಸುತ್ತೇವೆ. ಮುಂದೇನು ಎಂದು ಗೊತ್ತಿದ್ದರೆ ಅವನ ಅರ್ಧ ಭಯ ಇಳಿಯುತ್ತದೆ. ಸದ್ದು ತಡೆಯುವ ಹೆಡ್‌ಫೋನನ್ನು ನಾವೇ ಕೊಟ್ಟು ಕಳುಹಿಸುತ್ತೇವೆ, ಅದನ್ನು ತೆಗೆಸಬೇಡಿ. ಫೋಟೋದಲ್ಲಿ ಅದು ಕಂಡರೂ ಕಾಣಲಿ. ಮೆಟ್ಟಿಲ ಬಳಿಯ ಗ್ರಂಥಾಲಯದ ಬಾಗಿಲನ್ನು ಅಂದು ತೆರೆದಿಡಿ. ತಡೆಯಲಾಗದಾಗ ಅವನು ಅಲ್ಲಿ ಹತ್ತು ನಿಮಿಷ ಕುಳಿತು ಮರಳಿ ಬರುತ್ತಾನೆ. ಕ್ರೀಡಾಕೂಟದಲ್ಲಿ ಓಟ ಆರಂಭಿಸಲು ಪಿಸ್ತೂಲಿನ ಬದಲು ಬಾವುಟ ಬೀಸಿದರೆ ಉಳಿದ ಮಕ್ಕಳಿಗೇನೂ ಕಡಿಮೆಯಾಗುವುದಿಲ್ಲ.

ಪ್ರವಾಸದ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ತಂದೆಯೋ ತಾಯಿಯೋ ಜೊತೆಗೆ ಬಂದರೆ ಮಾತ್ರ ಕರೆದೊಯ್ಯುತ್ತೇವೆ ಎಂಬ ಷರತ್ತು ಬೇಡ. ರಜೆ ಸಿಕ್ಕರೆ ನಾನು ಖಂಡಿತ ಬರುತ್ತೇನೆ, ಬಸ್ಸಿನಲ್ಲಿ ನೀರಿನ ಡಬ್ಬ ಹೊರುತ್ತೇನೆ. ಆದರೆ ಹೋಟೆಲಿನಲ್ಲಿ ರಜೆ ಸಿಗಲಿಲ್ಲ ಎಂದರೆ ನನ್ನ ಮಗನ ಪ್ರವಾಸ ತಪ್ಪಬಾರದು. ಬೇರೆ ಮಕ್ಕಳಿಗಿಲ್ಲದ ಷರತ್ತು ಅವನೊಬ್ಬನಿಗೆ ಏಕೆ? ಒಬ್ಬ ಶಿಕ್ಷಕರನ್ನು ಅವನ ಗುಂಪಿಗೆ ನೇಮಿಸಿ, ಕಿವಿಯ ಸನ್ನೆ ಮಾಡುವ ಆ ಹುಡುಗನ ಪಕ್ಕದಲ್ಲಿ ಕೂರಿಸಿ. ಲೋಕಲ್ ರೈಲಿನಲ್ಲಿ ಒಯ್ದರೆ ಇನ್ನೂ ಒಳ್ಳೆಯದು. ಕುರ್ಲಾ, ಸಾಯನ್, ಮಾಟುಂಗ, ದಾದರ್ ಎಂದು ಪ್ರತಿ ನಿಲ್ದಾಣವನ್ನೂ ಘೋಷಣೆಗಿಂತ ಮೊದಲೇ ಅವನು ಹೇಳುತ್ತಾನೆ, "ಪುಢೀಲ್ ಸ್ಟೇಶನ್" ಎಂಬುದನ್ನೂ ಸೇರಿಸಿ. ಇದನ್ನು ಕೇಳಿ ಕೆಲವರು, ಇವನಲ್ಲಿ ವಿಶೇಷ ಪ್ರತಿಭೆ ಇದೆ, ಅದನ್ನೇ ವೇದಿಕೆಯ ಮೇಲೆ ತೋರಿಸೋಣ ಎನ್ನುತ್ತಾರೆ. ಬೇಡ. ಪ್ರತಿಭೆ ತೋರಿಸಿ ಜಾಗ ಗಳಿಸಬೇಕೆಂದು ಬೇರೆ ಯಾವ ಮಗುವಿಗೂ ನಾವು ಹೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಮರವಾಗಿ ನಿಂತರೂ ಸಾಕು, ಎಲ್ಲರ ನಡುವೆ ನಿಲ್ಲಲಿ.

ಅವನು ನೃತ್ಯದ ನಡುವೆ ಇಳಿದು ಹೋದರೆ? ಹೋಗಬಹುದು. ಹಾಡು ನಿಲ್ಲಿಸಬೇಡಿ, ಅವನು ಮರಳಿ ಬಂದರೆ ಸೇರಿಸಿಕೊಳ್ಳಿ. ಯಾವುದೋ ದಿನ ಅವನೇ ಬೇಡ ಎಂದರೆ ಬಲವಂತ ಮಾಡಬೇಡಿ. ಬೇಡ ಎನ್ನುವ ಹಕ್ಕೂ ಅವನಿಗಿದೆ. ಆದರೆ ಆ ಬೇಡ ಅವನ ಬಾಯಿಂದ, ಅವನ ಸನ್ನೆಯಿಂದ ಬರಲಿ. ಹಿಂದಿನ ಸಂಜೆಯ ಫೋನಿನಲ್ಲಿ ನಾವು ದೊಡ್ಡವರು ಅದನ್ನು ತೀರ್ಮಾನಿಸುವುದು ಬೇಡ.

ಗುರುಗಳಿಗೆ ಇದು ಹೆಚ್ಚಿನ ಹೊರೆ ಎಂಬುದು ನನಗೆ ಗೊತ್ತು. ಒಂದು ತರಗತಿಯಲ್ಲಿ ನಲವತ್ತು ಮಕ್ಕಳನ್ನು ನೋಡುವವರ ಕಷ್ಟ ಸಣ್ಣದಲ್ಲ. ಅದಕ್ಕಾಗಿ ಆಡಳಿತ ಮಂಡಳಿಯವರಲ್ಲಿ ಕೇಳುತ್ತೇನೆ, ಕಾರ್ಯಕ್ರಮದ ದಿನಗಳಿಗೆ ಒಬ್ಬ ಸಹಾಯಕರನ್ನು ಕೊಡಿ, ಶಿಕ್ಷಕರಿಗೆ ಈ ಬಗ್ಗೆ ಒಂದು ದಿನದ ತರಬೇತಿ ಏರ್ಪಡಿಸಿ. ಅಂದಿನ ಊಟ ತಿಂಡಿಯನ್ನು ನಮ್ಮ ಹೋಟೆಲಿನಿಂದ ನಾನು ತರುತ್ತೇನೆ, ಮಾಲೀಕರು ಒಪ್ಪಿದ್ದಾರೆ.

ಸೋಮವಾರದಿಂದ ಆಗಸ್ಟ್ 15ರ ಕವಾಯತಿನ ಅಭ್ಯಾಸ ಎಂದು ಪಟ್ಟಿಯಲ್ಲಿದೆ. ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತೀರಿ. ಹೋದ ವಾರ ಮನೆಯಲ್ಲಿ ಅಳೆದು ನೋಡಿದೆವು, ಪ್ರಣವ 136 ಸೆಂಟಿಮೀಟರ್ ಇದ್ದಾನೆ. ಆ ಲೆಕ್ಕದಲ್ಲಿ ಸಾಲಿನಲ್ಲಿ ಅವನ ಜಾಗ ಯಾವುದೋ ಅಲ್ಲಿ ಅವನನ್ನು ನಿಲ್ಲಿಸಿ. ಸೋಮವಾರ ಬೆಳಿಗ್ಗೆ ಏಳಕ್ಕೆ ಬೂಟು ಹಾಕಿಸಿ ಕರೆತರುತ್ತೇನೆ.

ನಮಸ್ಕಾರ.